ಎರಡು ರಿಜಿಸ್ಟರ್

2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿತು. ಅನುಮಾನ ಬಂದ ಹಿಜಡಾಗಳ ಹೆಸರು, ವಾಸಸ್ಥಳ ಬರೆದಿಡಲು ಪೊಲೀಸರಿಗೆ ಅಧಿಕಾರ ಸಿಕ್ಕಿತು. 1871ರಲ್ಲಿ ಬ್ರಿಟಿಷರೂ ಹೀಗೇ ಬರೆಸಿದ್ದರು. ಅದೇ ಕಾಯ್ದೆಯಲ್ಲಿ ನಮ್ಮ ಅಲೆಮಾರಿಗಳನ್ನೂ ಹುಟ್ಟುಕಳ್ಳರೆಂದರು.

ಈ ರಿಜಿಸ್ಟರಿನಿಂದ ಸಂಬಳದ ರಿಜಿಸ್ಟರಿಗೆ ಬರಲು ಹತ್ತು ವರ್ಷ ಹಿಡೀತು. ಪೊಲೀಸ್ ನೇಮಕಾತಿಯಲ್ಲಿ ಗಂಡು, ಹೆಣ್ಣು ಎರಡೇ ಕಾಲಂ ಇದ್ದದ್ದನ್ನು ಸಂಗಮ ಸಂಸ್ಥೆ ಹೈಕೋರ್ಟಿನಲ್ಲಿ ಕೇಳಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1 ಮೀಸಲಾತಿ ಬಂತು. ಪರಿಶಿಷ್ಟರದೂ ಸೇರಿ ಪ್ರತಿ ವರ್ಗದೊಳಗೂ. ಅಭ್ಯರ್ಥಿ ಸಿಗದಿದ್ದರೆ ಹುದ್ದೆ ಅದೇ ವರ್ಗದ ಗಂಡಿಗೋ ಹೆಣ್ಣಿಗೋ ಹೋಗುತ್ತೆ. ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಅರ್ಧಕ್ಕೇ ಶಾಲೆ ಬಿಟ್ಟ ಮಗು ಅರ್ಜಿ ಹಾಕೋದೆಲ್ಲಿಂದ?

ಕೆಲಸ ಸಿಕ್ಕರೂ ಅಂಕಪಟ್ಟಿಯಲ್ಲಿ ಹಳೇ ಹೆಸರು, ಆಫೀಸಿನಲ್ಲಿ ಎರಡೇ ಪಾಯಖಾನೆ. ಇವನ್ನೇ ನೆಪ ಮಾಡಿ ಕೆಲಸದಿಂದ ತೆಗೀತಾರೆ. ಹಾಗೆ ತೆಗೆಯಬಾರದು, ಪ್ರತಿ ಸಂಸ್ಥೆಯಲ್ಲೂ ದೂರು ಕೇಳುವ ಅಧಿಕಾರಿ ಇರಬೇಕು ಎಂದಿತು 2019ರ ಕಾಯ್ದೆ. ತುಮಕೂರಿನ ಯಾವ ಆಫೀಸಿನ ಗೋಡೆಯ ಮೇಲೆ ಆ ಅಧಿಕಾರಿಯ ಹೆಸರಿದೆ? ಹೋಗಿ ಓದೋಣ. ಇಲ್ಲದಿದ್ದರೆ ಕೇಳೋಣ.