ಕಾಲ್ ಸೆಂಟರ್: ಗಂಟೆಗೆ 240 ಕರೆ, ಪಾಳಿಗೆ ಎಷ್ಟು ಮಂದಿ?

ಸಹಾಯವಾಣಿಗೆ ಕರೆ ಮಾಡಿ ಸಂಗೀತ ಕೇಳುತ್ತಾ ಕಾಯದವರು ವಿರಳ. ಆ ಕಾಯುವಿಕೆ ಎಷ್ಟು ಹೊತ್ತಿನದೆಂಬುದು ಬಹುಮಟ್ಟಿಗೆ ವಾರಗಳ ಮೊದಲೇ, ಪಾಳಿಪಟ್ಟಿ ಸಿದ್ಧವಾಗುವಾಗಲೇ ತೀರ್ಮಾನವಾಗಿರುತ್ತದೆ.

ಬ್ಯಾಂಕೊಂದರ ಸಹಾಯವಾಣಿಗೆ ಬೆಳಿಗ್ಗೆ 11ರಿಂದ 12ರವರೆಗೆ 240 ಕರೆಗಳು ಬರುತ್ತವೆ ಎಂದಿಟ್ಟುಕೊಳ್ಳೋಣ. ಮಾತುಕತೆ ಮತ್ತು ಅನಂತರದ ದಾಖಲಾತಿ ಸೇರಿ ಪ್ರತಿ ಕರೆಗೆ ಸರಾಸರಿ 4 ನಿಮಿಷ. ಅಂದರೆ ಒಂದು ಗಂಟೆಯಲ್ಲಿ 960 ನಿಮಿಷಗಳ, ಎಂದರೆ 16 ಗಂಟೆಗಳ ಕೆಲಸ. ಈ ಹೊರೆಯನ್ನು 16 ಎರ್ಲಾಂಗ್ ಎನ್ನುತ್ತಾರೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರವೇ ಇಂದಿಗೂ ಈ ಲೆಕ್ಕಾಚಾರಕ್ಕೆ ಆಧಾರ.

ಹಾಗಾದರೆ 16 ಮಂದಿ ಸಾಕೇ? ಸಾಲದು. ಕರೆಗಳು ಸಾಲಾಗಿ ಬರುವುದಿಲ್ಲ. ಒಮ್ಮೆ ಗುಂಪಾಗಿ ಬಂದರೆ ಮತ್ತೊಮ್ಮೆ ಬಿಡುವು. ಬಿಡುವಿನಲ್ಲಿ ಕಳೆದ ನಿಮಿಷವನ್ನು ದಟ್ಟಣೆಗೆಂದು ಕೂಡಿಡಲಾಗದು. 80 ಪ್ರತಿಶತ ಕರೆಗಳಿಗೆ 20 ಸೆಕೆಂಡಿನೊಳಗೆ ಉತ್ತರಿಸಬೇಕೆಂಬುದು ಈ ಉದ್ಯಮದ ರೂಢಿಯ ಗುರಿ. ಎರ್ಲಾಂಗ್ ಸೂತ್ರದ ಪ್ರಕಾರ 18 ಮಂದಿಯಿದ್ದರೆ ಕೇವಲ 55 ಪ್ರತಿಶತ ಕರೆಗಳಿಗೆ ಹಾಗೆ ಉತ್ತರ ಸಿಗುತ್ತದೆ. 19 ಮಂದಿಯಿದ್ದರೆ 71. 20 ಮಂದಿಯಾದಾಗ ಸುಮಾರು 82. ಹೀಗಾಗಿ 20 ಮಂದಿ ಬೇಕು. ಇಬ್ಬರು ಕಡಿಮೆಯಾದರೆ ಸರಾಸರಿ ಕಾಯುವಿಕೆ 15 ಸೆಕೆಂಡಿನಿಂದ ಒಂದು ನಿಮಿಷವನ್ನು ದಾಟುತ್ತದೆ ಎಂಬುದು ಗಮನಾರ್ಹ.

ಆದರೆ ಈ 20 ಮಂದಿ ಫೋನಿನ ಮುಂದೆ ಕುಳಿತಿರಬೇಕಾದವರು. ರಜೆ, ಊಟ, ತರಬೇತಿಗಳಿಗೆ ವೇಳೆಯ 30 ಪ್ರತಿಶತ ಹೋಗುವುದಾದರೆ ಪಟ್ಟಿಯಲ್ಲಿ ಎಷ್ಟು ಹೆಸರಿರಬೇಕು? ಅನೇಕರು ಎಡವುವುದು ಇಲ್ಲಿಯೇ. 20ಕ್ಕೆ 30 ಪ್ರತಿಶತ ಸೇರಿಸಿ 26 ಎಂದು ಬರೆದುಬಿಡುತ್ತಾರೆ. 26ರಲ್ಲಿ 30 ಪ್ರತಿಶತ ಕಳೆದರೆ ಉಳಿಯುವುದು 18 ಮಂದಿ, ಅಂದರೆ ಅದೇ 55 ಪ್ರತಿಶತದ ಸೇವೆ. 20ನ್ನು 0.7ರಿಂದ ಭಾಗಿಸುವುದೇ ಸರಿಯಾದ ಕ್ರಮ: ಉತ್ತರ 29.

ಗಂಟೆಗಳ ಅಗತ್ಯವನ್ನು ಪಾಳಿಗೆ ಇಳಿಸುವಾಗ ಪಾಳಿಗಳನ್ನು ಒಂದರ ಮೇಲೊಂದು ಚಾಚಿಸುತ್ತಾರೆ. 11ರಿಂದ 1ರವರೆಗೆ 20 ಮಂದಿ, ಉಳಿದ ವೇಳೆ 10 ಮಂದಿ ಸಾಕೆಂದಾದರೆ, ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ 10 ಮಂದಿ, 11ರಿಂದ ರಾತ್ರಿ 8ರವರೆಗೆ ಮತ್ತೆ 10 ಮಂದಿ. ಮಧ್ಯಾಹ್ನ 1ರಿಂದ 5ರವರೆಗೆ ಉಳಿಯುವ ಹೆಚ್ಚುವರಿ ಕೈಗಳಿಗೆ ಊಟವನ್ನೂ ತರಬೇತಿಯನ್ನೂ ಅಲ್ಲಿಯೇ ಹೊಂದಿಸುವುದು ಜಾಣತನ.

ರಾತ್ರಿಪಾಳಿಯ ಲೆಕ್ಕವೇ ಬೇರೆ. ಗಂಟೆಗೆ 30 ಕರೆಗಳಾದರೆ ಹೊರೆ 2 ಎರ್ಲಾಂಗ್, ಆದರೆ ಅದೇ ಗುರಿಗೆ 4 ಮಂದಿ ಬೇಕು. ಅರ್ಧ ವೇಳೆ ಅವರು ಕೈಕಟ್ಟಿ ಕುಳಿತಿರುತ್ತಾರೆ. ಅದನ್ನು ಸೋಮಾರಿತನವೆಂದು ಬಗೆದು ಒಬ್ಬರನ್ನು ತೆಗೆದರೆ ಸೇವೆ 85ರಿಂದ 59 ಪ್ರತಿಶತಕ್ಕೆ ಕುಸಿಯುತ್ತದೆ.

ಸೂತ್ರಕ್ಕೂ ಮಿತಿಯುಂಟು. ಕರೆ ಮಾಡಿದವರಾರೂ ಬೇಸತ್ತು ಫೋನ್ ಇಡುವುದಿಲ್ಲವೆಂದು ಅದು ಭಾವಿಸುತ್ತದೆ. ವಾಸ್ತವದಲ್ಲಿ ಜನ ಫೋನ್ ಇಡುತ್ತಾರೆ, ಕೆಲ ನಿಮಿಷಗಳಲ್ಲಿ ಮತ್ತೆ ಮಾಡುತ್ತಾರೆ. ದಾಖಲೆಯಲ್ಲಿ ಅದು ಎರಡು ಕರೆ. ಒಂದೇ ಸಂಖ್ಯೆ ಅರ್ಧ ಗಂಟೆಯೊಳಗೆ ಎರಡು ಮೂರು ಬಾರಿ ಕಾಣಿಸಿದರೆ, ಆ 240ರಲ್ಲಿ ಒಂದಷ್ಟು ಭಾಗ ಸಿಬ್ಬಂದಿ ಕೊರತೆಯಿಂದಲೇ ಹುಟ್ಟಿದ್ದೆಂದು ತಿಳಿಯಬೇಕು.