ಹೃತ್ಕರ್ಣ ಕಂಪನದಲ್ಲಿ ಹೆಪ್ಪುರೋಧಕಗಳ ಆಯ್ಕೆ

ಹೃದಯದ ಮೇಲಣ ಕೋಣೆಗಳು ತಾಳತಪ್ಪಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ವ್ಯಾಧಿಯಲ್ಲಿ, ಎಡಗೋಣೆಯೊಳಗೆ ಮಡುಗಟ್ಟಿದ ರಕ್ತವು ಹೆಪ್ಪಾಗಿ ಮಿದುಳಿಗೆ ಹರಿದು ಪಾರ್ಶ್ವವಾಯುವನ್ನು ತರಬಹುದಾದುದರಿಂದ, ಅಪಾಯವುಳ್ಳವರಿಗೆ ಹೆಪ್ಪುರೋಧಕ ಔಷಧವು ವಿಹಿತವಾಗಿದೆ.

ವಾರ್ಫರಿನ್ ವಿಟಮಿನ್ ಕೆಯ ಕಾರ್ಯವನ್ನು ತಡೆಯುವ ಔಷಧ. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕವು ಸಾಮಾನ್ಯವಾಗಿ 2ರಿಂದ 3ರೊಳಗೆ ನಿಲ್ಲುವಂತೆ, ಮೊದಲಲ್ಲಿ ಕೆಲವು ದಿನಗಳಿಗೊಮ್ಮೆಯೂ ಸ್ಥಿರವಾದ ಮೇಲೆ ಸುಮಾರು ತಿಂಗಳಿಗೊಮ್ಮೆಯೂ ನೋಡಬೇಕಾಗುತ್ತದೆ. ಕಾರ್ಕಳದ ಕೃಷಿಕನೊಬ್ಬನು ಹಿತ್ತಿಲ ಹರಿವೆಸೊಪ್ಪನ್ನು ಏಕಾಏಕಿ ಹೆಚ್ಚಾಗಿ ಉಂಡು, ಅವನ ಅಂಕವು 1.6ಕ್ಕೆ ಇಳಿಯಿತೆನ್ನೋಣ: ವೈದ್ಯರು ವಾರದ ಒಟ್ಟು 35 ಮಿಲಿಗ್ರಾಮನ್ನು 38ರ ಆಸುಪಾಸಿಗೆ ಏರಿಸಿ, ಒಂದೆರಡು ವಾರಗಳಲ್ಲಿ ಮರುಪರೀಕ್ಷಿಸಬಹುದು. ಸೊಪ್ಪನ್ನು ತ್ಯಜಿಸುವುದಕ್ಕಿಂತ ನಿತ್ಯವೂ ಸಮಪ್ರಮಾಣದಲ್ಲಿ ಉಣ್ಣುವುದೇ ಲೇಸು.

ಅಪಿಕ್ಸಬಾನ್, ರಿವರೋಕ್ಸಬಾನ್, ಡಾಬಿಗಟ್ರಾನ್ ಮೊದಲಾದ ನೂತನ ಗುಳಿಗೆಗಳಿಗೆ ಐಎನ್‌ಆರ್ ಬೇಡ. ಮಿದುಳಿನ ರಕ್ತಸ್ರಾವವೂ ಕಡಿಮೆ. ಮಣಿಪಾಲದಲ್ಲಿಯೋ ಉಡುಪಿಯಲ್ಲಿಯೋ ನೆಲಸಿದವರಿಗೆ ಪ್ರಯೋಗಾಲಯವು ಸಮೀಪವಿದ್ದರೂ, ಹಳ್ಳಿಯವರಿಗೆ ಐಎನ್‌ಆರ್ ಬೇಡದಿರುವುದು ಸಣ್ಣ ಸೌಕರ್ಯವಲ್ಲ. ಆದರೆ ಪರೀಕ್ಷೆಯೇ ಬೇಡವೆಂಬುದು ಭ್ರಮೆ: ಮೂತ್ರಪಿಂಡದ ಕ್ಷಮತೆಯನ್ನೂ ಹಿಮೋಗ್ಲೋಬಿನ್ನನ್ನೂ ವರ್ಷಕ್ಕೊಮ್ಮೆಯಾದರೂ, ವೃದ್ಧರಲ್ಲಿ ಇನ್ನೂ ಬೇಗ, ಅಳೆಯಬೇಕು. ಕಾಪುವಿನ 82 ವರ್ಷದ, 54 ಕಿಲೋ ತೂಕದ ಅಜ್ಜಿಯೊಬ್ಬರಿಗೆ ಅಪಿಕ್ಸಬಾನ್ 5 ಮಿಲಿಗ್ರಾಮಿನ ಬದಲು 2.5 ಮಿಲಿಗ್ರಾಮಿನಂತೆ ದಿನಕ್ಕೆರಡು ಬಾರಿ. ಏಕೆಂದರೆ ವಯಸ್ಸು 80 ಅಥವಾ ಮೇಲೆ, ತೂಕ 60 ಕಿಲೋ ಅಥವಾ ಕೆಳಗೆ, ಕ್ರಿಯಾಟಿನಿನ್ 1.5 ಅಥವಾ ಮೇಲೆ ಎಂಬ ಮೂರರಲ್ಲಿ ಎರಡು ಕೂಡಿವೆ. ಗುಳಿಗೆ ತಪ್ಪಿದರೆ ರಕ್ಷಣೆಯು ಒಂದೆರಡು ದಿನಗಳಲ್ಲೇ ಕರಗುತ್ತದೆ.

ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟವು ಸಂಕುಚಿತವಾದವರಿಗೂ ಲೋಹಕವಾಟವನ್ನು ಜೋಡಿಸಿಕೊಂಡವರಿಗೂ ಈ ನೂತನ ಗುಳಿಗೆಗಳ ಸೌಕರ್ಯವಿಲ್ಲ. ರುಮ್ಯಾಟಿಕ್ ರೋಗಿಗಳನ್ನು ಕುರಿತು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ, ವಿಟಮಿನ್ ಕೆ ವಿರೋಧಿಗಳನ್ನು ಸೇವಿಸಿದವರಲ್ಲಿ ಮರಣವು ರಿವರೋಕ್ಸಬಾನ್ ಸೇವಿಸಿದವರಲ್ಲಿದ್ದುದಕ್ಕಿಂತ ಕಡಿಮೆಯಾಗಿತ್ತು.