ಹಲ್ಲಿನ ಬುಡದ ಸವಕಳಿ

ವಸಡಿಗೆ ತಾಗಿದಂತೆ, ಹೆಚ್ಚಾಗಿ ಕೆನ್ನೆಯ ಬದಿಯಲ್ಲಿ, ಹುಳುಕಿಲ್ಲದೆಯೂ ಹಲ್ಲು ಸವೆದು ಉಂಟಾಗುವ ತಗ್ಗು. ದಂತವೈದ್ಯರು ಇದನ್ನು ನಾನ್-ಕೇರಿಯಸ್ ಸರ್ವೈಕಲ್ ಲೀಷನ್ ಎನ್ನುತ್ತಾರೆ. ವಯಸ್ಸಾದಂತೆ ಇದು ಹೆಚ್ಚುತ್ತದೆ. ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಪ್ರಿಮೋಲಾರ್ ಹಲ್ಲುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಕನ್ನಡಿ ನೋಡಿದವರು ಹಲ್ಲು ಹುಳುಕಾಯಿತೆಂದು ಗಾಬರಿಯಾಗುವುದುಂಟು. ಆದರೆ ಹುಳುಕಿನ ಜಾಗ ಸಾಮಾನ್ಯವಾಗಿ ಮೆತ್ತಗಿದ್ದು ಕಂದುಬಣ್ಣಕ್ಕೆ ತಿರುಗಿರುತ್ತದೆ. ಸವೆದ ತಗ್ಗು ಗಟ್ಟಿಯಾಗಿ, ನುಣುಪಾಗಿ ಹೊಳೆಯುತ್ತದೆ.

ಸವಕಳಿ ಬುಡದಲ್ಲೇ ಆಗುವುದಕ್ಕೆ ಹಲ್ಲಿನ ರಚನೆಯೇ ಕಾರಣ. ಹಲ್ಲಿಗೆ ಕವಚದಂತಿರುವ ಎನಾಮೆಲ್ ಕೆಳಗಿಳಿದಂತೆ ತೆಳುವಾಗುತ್ತಾ ವಸಡಿನ ಅಂಚಿನ ಬಳಿ ಮುಗಿಯುತ್ತದೆ. ಅಲ್ಲಿಂದಾಚೆಗೆ ಬೇರಿನ ಮೇಲಿರುವುದು ಸಿಮೆಂಟಮ್ ಎಂಬ ತೆಳು ಪೊರೆ. ವಸಡು ಸರಿದು ಬೇರು ಹೊರಬಿದ್ದರೆ ಆ ಪೊರೆ ಬೇಗ ಹೋಗಿ, ಎನಾಮೆಲ್‌ಗಿಂತ ಬಹಳ ಮೃದುವಾದ ಡೆಂಟಿನ್ ನೇರವಾಗಿ ಬ್ರಷ್ಷಿಗೂ ಹುಳಿಗೂ ಸಿಗುತ್ತದೆ. ಡೆಂಟಿನ್ ಕರಗಲು ಎನಾಮೆಲ್ ಕರಗುವಷ್ಟು ತೀವ್ರವಾದ ಆಮ್ಲವೂ ಬೇಕಿಲ್ಲ.

ಸವಕಳಿಗೆ ಕಾರಣವಾಗಿ ಮೂರನ್ನು ಹೇಳುತ್ತಾರೆ. ಒಂದು ಉಜ್ಜುವಿಕೆ: ಗಡಸು ಬ್ರಷ್, ಒರಟು ಪೇಸ್ಟ್, ಇದ್ದಿಲು ಅಥವಾ ಉಪ್ಪು ಬೆರೆತ ಹಲ್ಲುಪುಡಿ, ಅಡ್ಡಡ್ಡ ತಿಕ್ಕುವ ಅಭ್ಯಾಸ. ಎರಡನೆಯದು ಆಮ್ಲ: ನಿಂಬೆರಸ, ಕೋಲಾ, ಹೊಟ್ಟೆಯಿಂದ ಮೇಲೆ ಬರುವ ಹುಳಿ. ಮೂರನೆಯದೇ ವಿವಾದದ ಆಬ್‌ಫ್ರ್ಯಾಕ್ಷನ್.

ಇದರ ವಾದ ಕೇಳಲು ಅಚ್ಚುಕಟ್ಟಾಗಿದೆ. ಕಚ್ಚುವಾಗ, ಅದರಲ್ಲೂ ನಿದ್ದೆಯಲ್ಲಿ ಹಲ್ಲು ಮಸೆಯುವಾಗ, ಹಲ್ಲಿನ ಮೇಲೆ ಪಕ್ಕದ ಒತ್ತಡ ಬಿದ್ದು ಅದು ಕೂದಲೆಳೆಯಷ್ಟು ಬಾಗುತ್ತದೆ. ಬೇರು ಎಲುಬಿನಲ್ಲಿ ಹುದುಗಿರುವುದರಿಂದ ಬಾಗುವ ಬಿಂದು ಹಲ್ಲಿನ ಕುತ್ತಿಗೆಯಲ್ಲೇ, ಅಂದರೆ ವಸಡಿನಂಚಿನ ಬುಡದಲ್ಲೇ, ಬರುತ್ತದೆ. ಒಂದು ಬದಿ ಕುಗ್ಗುತ್ತದೆ, ಇನ್ನೊಂದು ಬದಿ ಎಳೆಯಲ್ಪಡುತ್ತದೆ. ಎಳೆತಕ್ಕೆ ಎನಾಮೆಲ್ ಬಲಹೀನ. ಅದರ ಹರಳುಗಳ ನಡುವಿನ ಕೊಂಡಿಗಳು ಕಳಚಿ, ಆ ಬಿರುಕಿಗೆ ಜೊಲ್ಲಿನ ನೀರು ಸೇರಿಕೊಂಡು ಮತ್ತೆ ಕೂಡದಂತಾಗುತ್ತದೆ. ಹೀಗೆ ಬೆಣೆಯಾಕಾರದ ಕಚ್ಚು ಬೀಳುತ್ತದೆ. ಈ ಎಳೆತದ ಕಲ್ಪನೆಯನ್ನು 1984ರಲ್ಲಿ ಲೀ ಮತ್ತು ಈಕಲ್ ಮಂಡಿಸಿದರು. 1991ರಲ್ಲಿ ಗ್ರಿಪ್ಪೊ ಅದಕ್ಕೆ ಆಬ್‌ಫ್ರ್ಯಾಕ್ಷನ್ ಎಂದು ಹೆಸರಿಟ್ಟರು. ಒಂದೇ ಹಲ್ಲಿನಲ್ಲಿ ಕಚ್ಚು ಬಿದ್ದು ಪಕ್ಕದ ಹಲ್ಲು ನೆಟ್ಟಗಿರುವುದು, ಬ್ರಷ್ ತಲುಪದ ವಸಡಿನ ಕೆಳಗೂ ಕಚ್ಚು ಸಿಗುವುದು ಇದಕ್ಕೆ ಪುರಾವೆ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಹಲ್ಲಿನ ಮಾದರಿ ಕಟ್ಟಿ ಹೊರೆ ಹಾಕಿ ನೋಡಿದವರಿಗೂ ಒತ್ತಡ ಕುತ್ತಿಗೆಯಲ್ಲಿ ಕೇಂದ್ರೀಕರಿಸುವುದು ಕಂಡಿತು.

ಆದರೆ ಒತ್ತಡ ಇದೆ ಎಂದ ಮಾತ್ರಕ್ಕೆ ಹಲ್ಲು ಅದರಿಂದಲೇ ಕಿತ್ತುಹೋಯಿತೆಂದು ಆಗುವುದಿಲ್ಲ. ಗಟ್ಟಿ ಆಹಾರ ಅಗಿದು ಹಲ್ಲಿನ ಮೇಲ್ಭಾಗವನ್ನು ತೀರಾ ಸವೆಸಿಕೊಂಡಿದ್ದ ಹಿಂದಿನ ಕಾಲದ ಜನರ ತಲೆಬುರುಡೆಗಳಲ್ಲಿ ಸಂಶೋಧಕರಿಗೆ ಇಂಥ ಕಚ್ಚುಗಳು ಸಿಕ್ಕಲಿಲ್ಲ. ಒತ್ತಡವೇ ಕಾರಣವಾಗಿದ್ದರೆ ಅವರ ಹಲ್ಲಿನಲ್ಲೇ ಮೊದಲು ಕಾಣಬೇಕಿತ್ತು. ಅವರ ಬಳಿ ಬ್ರಷ್ಷೂ ಪೇಸ್ಟೂ ಇರಲಿಲ್ಲ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. 2008ರಲ್ಲಿ ಝಾಕೊವಿಚ್ ಮತ್ತು ಓಸ್ಲಾಕ್, ಕಿತ್ತ ಹಲ್ಲುಗಳನ್ನು ಯಂತ್ರದಲ್ಲಿ ಅಡ್ಡಡ್ಡ ಉಜ್ಜಿದರು. ಯಾವ ಕಚ್ಚುವ ಹೊರೆಯೂ ಇಲ್ಲದೆ, ಪೇಸ್ಟ್ ಹಾಕಿದ ಹಲ್ಲುಗಳಲ್ಲಿ ಬೆಣೆಯಾಕಾರದ ಕಚ್ಚುಗಳು ಮೂಡಿದವು. ಬರೀ ನೀರಿನಲ್ಲಿ ಉಜ್ಜಿದವುಗಳಲ್ಲಿ ಹಾಗಾಗಲಿಲ್ಲ. ಕಚ್ಚಿನ ಆಕಾರ ನೋಡಿ ಕಾರಣ ಹೇಳುವ ಪಾಠಕ್ಕೆ ಇದು ದೊಡ್ಡ ಪೆಟ್ಟು. ವಸಡು ಮತ್ತು ಹಲ್ಲಿನಾಸರೆಯ ರೋಗಗಳನ್ನು ಹೊಸದಾಗಿ ವರ್ಗೀಕರಿಸಲು 2017ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞ ಸಂಸ್ಥೆಗಳು ಸೇರಿ ನಡೆಸಿದ ಸಮಾಲೋಚನೆಯೂ ಆಬ್‌ಫ್ರ್ಯಾಕ್ಷನ್‌ಗೆ ನಂಬಲರ್ಹವಾದ ಕ್ಲಿನಿಕಲ್ ಪುರಾವೆ ಇಲ್ಲವೆಂದಿತು.

ಹಾಗೆಂದು ಒತ್ತಡದ ಪಾತ್ರವನ್ನು ಪೂರ್ತಿ ಅಲ್ಲಗಳೆದಂತಲ್ಲ. ಮೂರೂ ಒಟ್ಟಾಗಿ ಕೆಲಸ ಮಾಡುತ್ತವೆ ಎಂಬುದೇ ಇಂದು ಹೆಚ್ಚು ಒಪ್ಪಿತವಾದ ಮಾತು: ಆಮ್ಲ ಮೃದುಮಾಡಿದ್ದನ್ನು ಬ್ರಷ್ ಕೊಂಡೊಯ್ಯುತ್ತದೆ, ಒತ್ತಡ ಅದಕ್ಕೆ ಕೈಜೋಡಿಸಿರಲೂಬಹುದು. ಆದರೆ ಕಚ್ಚು ಕಂಡೊಡನೆ ಆಬ್‌ಫ್ರ್ಯಾಕ್ಷನ್ ಎಂದು ಬರೆದು, ಕಚ್ಚುವಿಕೆ ಸರಿಪಡಿಸುವ ಹೆಸರಿನಲ್ಲಿ ಒಳ್ಳೆಯ ಹಲ್ಲಿನ ಮೇಲ್ಭಾಗವನ್ನು ಗೀಸುವುದಕ್ಕೆ ಸಮರ್ಥನೆಯಿಲ್ಲ. ಹಾಗೆ ಗೀಸಿದ ಹಲ್ಲನ್ನೂ ಗೀಸದ ಹಲ್ಲನ್ನೂ ಹೋಲಿಸಿ 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸವಕಳಿಯ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗೀಸಿದ ಎನಾಮೆಲ್ ಮತ್ತೆ ಬರುವುದಿಲ್ಲ.

ಇನ್ನು ತುಂಬಬೇಕೇ ಬೇಡವೇ ಎಂಬ ಪ್ರಶ್ನೆ. ಒಂದು ಮಾದರಿ ನೋಡೋಣ. ಐವತ್ತು ದಾಟಿದ, ಬಲಗೈ ಬಳಸುವ ಒಬ್ಬರಿಗೆ ಮೇಲಿನ ಎಡಸಾಲಿನ ಕೋರೆಹಲ್ಲಿನಲ್ಲಿ ಸುಮಾರು ಅರ್ಧ ಮಿಲಿಮೀಟರ್, ಮೊದಲ ಪ್ರಿಮೋಲಾರ್‌ನಲ್ಲಿ ಒಂದೂವರೆ ಮಿಲಿಮೀಟರ್ ಆಳದ ಕಚ್ಚು ಇದೆಯೆನ್ನೋಣ. ತಣ್ಣೀರು ತಾಗಿದರೆ ಪ್ರಿಮೋಲಾರ್ ಜುಮ್ಮೆನ್ನುತ್ತದೆ. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ ಹಿಂಡಿ ಕುಡಿದು, ಕೂಡಲೇ ಹಲ್ಲುಜ್ಜುತ್ತಾರೆ. ಬ್ರಷ್ ತಂದು ತೋರಿಸಿದರೆ, ಕೊಂಡು ತಿಂಗಳಾಗುವ ಮೊದಲೇ ಎಳೆಗಳು ಎರಡೂ ಬದಿಗೆ ಹರಡಿವೆ. ಆ ಬ್ರಷ್ಷೇ ಸಾಕಷ್ಟು ಹೇಳುತ್ತದೆ. ಬಲಗೈಯವರ ಕೈಬಲ ಎಡಸಾಲಿನ ಮೇಲೆ ಹೆಚ್ಚು ಬೀಳುವುದೂ ಸಾಮಾನ್ಯ.

ಇಲ್ಲಿ ಮೊದಲ ಕೆಲಸ ತುಂಬುವುದಲ್ಲ. ಮೃದು ಬ್ರಷ್, ಕಡಿಮೆ ಒರಟಿನ ಫ್ಲೋರೈಡ್ ಪೇಸ್ಟ್, ಹುಳಿ ಕುಡಿದ ತಕ್ಷಣ ಉಜ್ಜದಿರುವುದು, ಜುಮ್ಮೆನ್ನುವ ಜಾಗಕ್ಕೆ ಫ್ಲೋರೈಡ್ ವಾರ್ನಿಷ್. ಜೊತೆಗೆ ಅಳತೆಯ ದಾಖಲೆ: ಆಳವನ್ನು ಪ್ರೋಬಿನಿಂದ ಅಳೆದು ಬರೆಯುವುದು, ಫೋಟೊ ತೆಗೆಯುವುದು. ಸವೆತ ಮುಂದುವರಿದಿದೆಯೇ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಕಚ್ಚಿನ ಮೇಲ್ಮೈಯಲ್ಲಿ 12ನೇ ನಂಬರಿನ ಬ್ಲೇಡಿನ ಮೊನೆಯಿಂದ ಸಣ್ಣದೊಂದು ಗೀರು ಹಾಕುವುದು. ಮುಂದಿನ ಭೇಟಿಯಲ್ಲಿ ಗೀರು ಮಾಸಿಹೋಗಿದ್ದರೆ ಅಲ್ಲಿ ಇನ್ನೂ ಸವೆಯುತ್ತಿದೆ. ಉಳಿದಿದ್ದರೆ ಸವೆತ ನಿಂತಿದೆ, ಇಲ್ಲವೇ ತೀರ ನಿಧಾನವಾಗಿದೆ.

ಆರು ತಿಂಗಳ ಮೇಲೆ ಕೋರೆಹಲ್ಲಿನ ಗೀರು ಹಾಗೆಯೇ ಇದ್ದು ನೋವೂ ಇಲ್ಲದಿದ್ದರೆ ಅದನ್ನು ಮುಟ್ಟಬೇಕಿಲ್ಲ. ಪ್ರಿಮೋಲಾರ್ ಇನ್ನೂ ಜುಮ್ಮೆನ್ನುತ್ತಿದ್ದರೆ, ಅಥವಾ ಆಳ ಹೆಚ್ಚಿದ್ದರೆ, ತುಂಬುವುದು ಸರಿ. ಮಿಲಿಮೀಟರಿನ ಲೆಕ್ಕವೊಂದನ್ನೇ ಹಿಡಿದು ತೀರ್ಮಾನಿಸಲಾಗದು. ಸವೆತ ನಿಧಾನವಾಗಿದ್ದರೆ ಒಳಗಿನ ನರದ ಕೋಣೆ ತನ್ನ ಗೋಡೆಗೆ ಹೊಸ ಡೆಂಟಿನ್ ಕಟ್ಟಿಕೊಂಡು ಹಿಂದೆ ಸರಿದಿರುತ್ತದೆ. ಹಾಗಾಗಿ ನೋಡಲು ಭಯಂಕರವಾದ ಕಚ್ಚೂ ನೋಯದಿರಬಹುದು, ಪುಟ್ಟದೊಂದು ಚುರುಗುಟ್ಟಬಹುದು. ಕಚ್ಚಿನಲ್ಲಿ ಆಹಾರ ನಿಂತು ವಸಡು ರಕ್ತ ಸುರಿಸುತ್ತಿದ್ದರೆ, ಹುಳುಕು ಶುರುವಾಗಿದ್ದರೆ, ನರ ಹೊರಬೀಳುವಷ್ಟು ಆಳಕ್ಕೆ ಹೋಗಿದ್ದರೆ, ಕಟ್ಟುಹಲ್ಲಿನ ಕೊಕ್ಕೆ ಅಲ್ಲೇ ಕೂರಬೇಕಿದ್ದರೆ ತುಂಬಲು ಕಾರಣವಿದೆ. ನಗುವಾಗ ಕಂಡು ಬೇಸರವಾಗುತ್ತದೆ ಎಂಬುದೂ ಕಾರಣವೇ, ಆದರೆ ಅದನ್ನು ರೋಗಿ ಹೇಳಬೇಕು, ವೈದ್ಯರಲ್ಲ.

ತುಂಬುವ ಕೆಲಸ ಕಾಣುವಷ್ಟು ಸುಲಭವಲ್ಲ. ಹೊಳೆಯುವ ಹಳೆಯ ಡೆಂಟಿನ್‌ನ ಸೂಕ್ಷ್ಮ ನಾಳಗಳು ಖನಿಜದಿಂದ ಮುಚ್ಚಿಹೋಗಿರುವುದರಿಂದ ಅಂಟು ಒಳಗಿಳಿಯುವುದಿಲ್ಲ. ಮೇಲ್ಮೈಯನ್ನು ಬರ್‌ನಿಂದ ತುಸು ಒರಟು ಮಾಡಬೇಕಾಗುತ್ತದೆ. ವಸಡಿನ ಅಂಚಿನಲ್ಲಿ ಸದಾ ಪಸೆ. ವಸಡಿನ ಸಂದಿಗೆ ನೂಲು ಸೇರಿಸಿ ಅದನ್ನು ತಡೆಯದಿದ್ದರೆ ಯಾವ ವಸ್ತುವೂ ನಿಲ್ಲುವುದಿಲ್ಲ. ಬಣ್ಣ ಹೊಂದುವುದರಲ್ಲಿ ಕಾಂಪೋಸಿಟ್ ಮುಂದು. ಹಲ್ಲಿಗೆ ರಾಸಾಯನಿಕವಾಗಿ ಕಚ್ಚಿಕೊಳ್ಳುವ ಗ್ಲಾಸ್ ಅಯೊನೊಮರ್ ಬಾಳಿಕೆಯಲ್ಲಿ ಚೆನ್ನಾಗಿ ನಿಂತಿದೆ. ಫಿಲ್ಲಿಂಗ್ ಕಳಚಿ ಬಿದ್ದಾಗ ಹಲ್ಲು ಬಾಗಿದ್ದರಿಂದ ಬಿತ್ತು ಎನ್ನುವ ಮೊದಲು ಈ ಪಸೆ ಮತ್ತು ಹೊಳಪು ಡೆಂಟಿನ್‌ಗಳನ್ನು ಅನುಮಾನಿಸಬೇಕು. ಅಂಚಿನಲ್ಲಿ ತುಂಬಿದ ವಸ್ತು ಉಬ್ಬಿ ಉಳಿದರೆ ಅಲ್ಲಿ ಕೊಳೆ ಕೂತು ವಸಡು ಊದಿಕೊಳ್ಳುತ್ತದೆ. ಆಗ ತುಂಬದೆ ಬಿಟ್ಟಿದ್ದೇ ಮೇಲಿತ್ತು ಎನಿಸುತ್ತದೆ.

ಫಿಲ್ಲಿಂಗ್ ಕಚ್ಚನ್ನು ಮುಚ್ಚುತ್ತದೆ, ಸವಕಳಿಯ ಕಾರಣವನ್ನಲ್ಲ. ಉಜ್ಜುವ ರೀತಿ ಬದಲಾಗದಿದ್ದರೆ ಅದರ ಅಂಚಿನಾಚೆ ಬೇರು ಸವೆಯುತ್ತಲೇ ಹೋಗುತ್ತದೆ.